ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಕುಟುಂಬದ ಫೋಟೋ: ಕಣ್ಣು, ಮೂಗು, ಗದ್ದದ ಕೆಳಗಿನ ಕಪ್ಪು ನೆರಳು ತಿಳಿ ಮಾಡುವುದು ಹೇಗೆ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರೆಲ್ಲ ಸೇರಿದ್ದಾಗ ಹುಲ್ಲುಹಾಸಿನ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಂಡೆವು. ಏಳು ಜನ ಇದ್ದೇವೆ. ಸಮಯ ಹನ್ನೆರಡೂವರೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಎಲ್ಲರ ಕಣ್ಣಿನ ಗುಳಿಯೂ ಕಪ್ಪಾಗಿದೆ, ಮೂಗಿನ ಕೆಳಗೆ ಮೀಸೆಯ ಹಾಗೆ ನೆರಳು ಬಿದ್ದಿದೆ, ಗದ್ದದ ಕೆಳಗಂತೂ ಕುತ್ತಿಗೆಯೇ ಕಾಣುತ್ತಿಲ್ಲ. ಅಪ್ಪನ ಕಣ್ಣು ಸ್ವಲ್ಪ ಒಳಗಿರುವುದರಿಂದ ಅವರದ್ದು ಎಲ್ಲರಿಗಿಂತ ಜಾಸ್ತಿ.

ಫೋನಿನ ಫೋಟೋ, ಜೆಪೆಗ್ ಮಾತ್ರ ಇದೆ, 4000 x 3000. ಫೋಟೋ ತಿದ್ದಲು ನನ್ನ ಹತ್ತಿರ ಇರುವುದು ಜಿಂಪ್ ಸಾಫ್ಟ್‌ವೇರ್. Colors > Shadows-Highlights ಹಾಕಿ ನೋಡಿದೆ. ಕಣ್ಣು ಕಂಡಿತು, ಆದರೆ ಅಮ್ಮನ ಕಪ್ಪು ಕೂದಲು ಬೂದಿ ಬಣ್ಣಕ್ಕೆ ತಿರುಗಿತು, ತಲೆಗಳ ಸುತ್ತ ಬೆಳಕಿನ ಬಳೆ ಬಂದ ಹಾಗಾಯಿತು. ಇದನ್ನು 12 x 18 ಇಂಚಿಗೆ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಬೇಕು. ಈ ಏಳು ಜನ ಒಟ್ಟಿಗೆ ಇರುವ ಫೋಟೋ ಇದೊಂದೇ. ದಯವಿಟ್ಟು ದಾರಿ ಹೇಳಿ.

ಕಪ್ಪುಬಿಳುಪು
Shadows ಪೂರ್ತಿ ಮೇಲೆ, Highlights ಪೂರ್ತಿ ಕೆಳಗೆ. ಆಮೇಲೆ ಫೋಟೋ ಸಪ್ಪೆಯಾಗುತ್ತದೆ, ಅದಕ್ಕೆ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ನಾನು ಎಲ್ಲ ಫೋಟೋಗೂ ಹೀಗೇ ಮಾಡುವುದು, ಎರಡು ನಿಮಿಷದ ಕೆಲಸ.

ದಾರಿಹೋಕ
ಮಧ್ಯಾಹ್ನ ತೆಗೆಯುವಾಗ ಎಲ್ಲರನ್ನೂ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿಸಿ, ಇಲ್ಲವೇ ಕಟ್ಟಡದ ನೆರಳಿನ ಅಂಚಿಗೆ ಕರೆದುಕೊಂಡು ಬನ್ನಿ. ಫ್ಲ್ಯಾಶ್ ಇದ್ದರೆ ಒಂದೂವರೆ ಸ್ಟಾಪ್ ಕಡಿಮೆ ಇಟ್ಟು ಹೊಡೆಯಿರಿ, ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಬಿಳಿ ಹಾಳೆಯನ್ನು ರಿಫ್ಲೆಕ್ಟರ್ ಮಾಡಿ ಕೆಳಗಿನಿಂದ ಹಿಡಿದರೂ ಆಗುತ್ತದೆ, ಆದರೆ ತೀರಾ ಕೆಳಗಿನಿಂದ ಬೇಡ, ಮುಖಕ್ಕೆ ದೀಪ ಕೆಳಗಿಟ್ಟ ಹಾಗೆ ವಿಚಿತ್ರವಾಗಿ ಕಾಣುತ್ತದೆ. ಎದೆಯ ಎತ್ತರಕ್ಕೆ ಹಿಡಿಯಿರಿ.

ಮಳೆಹನಿ
ದಾರಿಹೋಕ ಅವರೇ, ಮುಂದಿನ ಸಲಕ್ಕೆ ಇದು ಖಂಡಿತ ಬೇಕು, ನೆನಪಿಟ್ಟುಕೊಳ್ಳುತ್ತೇನೆ. ಆದರೆ ಈ ಫೋಟೋ ತೆಗೆದಾಗಿದೆ. ಅಣ್ಣನ ಮನೆಯವರು ವಾಪಸ್ ಹೋದರು, ಮತ್ತೆ ಸೇರುವುದು ಯಾವಾಗಲೋ. ಇದನ್ನೇ ಸರಿ ಮಾಡಬೇಕು.

ಕಪ್ಪುಬಿಳುಪು ಅವರೇ, ನೀವು ಹೇಳಿದ್ದನ್ನೇ ಮಾಡಿದ್ದು. ಕಾಂಟ್ರಾಸ್ಟ್ ಏರಿಸಿದ ಕೂಡಲೇ ನೆರಳು ಮತ್ತೆ ಕಪ್ಪಾಯಿತು.

ಹಳೇಲೆನ್ಸ್
ಆಗಲೇಬೇಕು. ಕಾಂಟ್ರಾಸ್ಟ್ ಅಂದರೆ ಕಪ್ಪನ್ನು ಕೆಳಗೆ, ಬಿಳಿಯನ್ನು ಮೇಲೆ ತಳ್ಳುವುದೇ ಅಲ್ವಾ? ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಆದರೂ ಕಪ್ಪುಬಿಳುಪು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಹಣೆ, ಮೂಗಿನ ತುದಿಯ ಬಿಳುಪನ್ನು ಸ್ವಲ್ಪ ಇಳಿಸಿದರೆ ನೆರಳನ್ನು ಅಷ್ಟು ಎತ್ತಬೇಕಾಗುವುದಿಲ್ಲ. ಅದನ್ನು ಇಟ್ಟುಕೊಳ್ಳಿ. ಆದರೆ ನೆರಳು ಎತ್ತುವ ಕೆಲಸ ಮುಖದ ಮೇಲೆ ಮಾತ್ರ ಆಗಬೇಕು, ಅದಕ್ಕೆ ಮಾಸ್ಕ್ ಬೇಕೇ ಬೇಕು. ಮಾಸ್ಕಿನಲ್ಲಿ ಬಿಳಿ ಇದ್ದ ಕಡೆ ಬದಲಾವಣೆ ಕಾಣುತ್ತದೆ, ಕಪ್ಪು ಇದ್ದ ಕಡೆ ಕಾಣಲ್ಲ.

ತಲೆಯ ಸುತ್ತ ಬಳೆ ಬಂದದ್ದು ಯಾಕೆ ಅಂದರೆ, ಆ ಫಿಲ್ಟರಿನಲ್ಲಿ ರೇಡಿಯಸ್ ಸುಮ್ಮನೆ ಬಿಟ್ಟರೆ 100 ಪಿಕ್ಸೆಲ್ ಇರುತ್ತದೆ, ಅಷ್ಟು ದೂರದ ಬೆಳಕು ನೆರಳನ್ನೆಲ್ಲ ಅದು ಕಲಸಿ ಲೆಕ್ಕ ಹಾಕುತ್ತದೆ. ಏಳು ಜನರ ಫೋಟೋದಲ್ಲಿ ನಿಮ್ಮ ಒಂದೊಂದು ಮುಖ ಎಷ್ಟು ಅಗಲ ಇದೆ? ಅಳೆದು ಹೇಳಿ. ಜೊತೆಗೆ ಕಲರ್ ಪಿಕರ್‌ನಲ್ಲಿ ಅಪ್ಪನ ಬಿಸಿಲಿನ ಕೆನ್ನೆ, ಕಣ್ಣಿನ ಗುಳಿ, ಗದ್ದದ ಕೆಳಗೆ, ಈ ಮೂರು ಕಡೆ ಅಂಕಿ ಓದಿ ಬರೆಯಿರಿ.

ಮಳೆಹನಿ
ಮುಖ ಸುಮಾರು 350 ಪಿಕ್ಸೆಲ್ ಅಗಲ.
ಕೆನ್ನೆ: ಕೆಂಪು 214, ಹಸಿರು 168, ನೀಲಿ 138.
ಕಣ್ಣಿನ ಗುಳಿ: 74, 58, 54.
ಗದ್ದದ ಕೆಳಗೆ: 82, 74, 52.

ಹಳೇಲೆನ್ಸ್
ಒಳ್ಳೆಯದು, ಈಗ ಫೋಟೋ ನೋಡದೆಯೂ ಅರ್ಥ ಆಗುತ್ತದೆ.

ಮೊದಲು ಬೆಳಕಿನ ಅಂತರ. ಈ ಅಂಕಿಗಳು ಬೆಳಕಿನ ನೇರ ಅಳತೆ ಅಲ್ಲ, ಬೆಳಕಿಗೆ ಪರಿವರ್ತಿಸಿದರೆ 214ಕ್ಕೂ 74ಕ್ಕೂ ನಡುವೆ ಮೂರು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಅಂತರ ಇದೆ. ಅಂದರೆ ಕಣ್ಣಿನ ಗುಳಿಗೆ ಕೆನ್ನೆಯ ಹತ್ತರಲ್ಲಿ ಒಂದು ಪಾಲು ಬೆಳಕು ಬಿದ್ದಿದೆ. ಕಡು ಬಿಸಿಲಿನಲ್ಲಿ ಇದು ಮಾಮೂಲು. ಇದನ್ನು 214ರವರೆಗೆ ಎತ್ತುವ ಆಸೆ ಬೇಡ. 120ರ ಹತ್ತಿರ ಬಂದರೆ ಸಾಕು, ಅದೇ ಸುಮಾರು ಒಂದೂವರೆ ಸ್ಟಾಪ್. ಫೋನಿನ ಜೆಪೆಗ್ ಅದಕ್ಕಿಂತ ಜಾಸ್ತಿ ತಡೆಯುವುದಿಲ್ಲ. ನೆರಳಲ್ಲಿ ಅಡಗಿದ್ದ ಚೌಕ ಚೌಕದ ಕಲೆ ಹೊರಗೆ ಬರುತ್ತದೆ.

ಇನ್ನು ಬಣ್ಣ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಬಿಸಿಲಿನ ಕೆನ್ನೆಯಲ್ಲಿ ನೀಲಿಗಿಂತ ಕೆಂಪು ಒಂದೂವರೆ ಪಟ್ಟು ಇದೆ. ಕಣ್ಣಿನ ಗುಳಿಯಲ್ಲಿ ಅಷ್ಟಿಲ್ಲ. ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬರುತ್ತದೆ. ಗದ್ದದ ಕೆಳಗೆ ನೋಡಿ, ಹಸಿರು ಕೆಂಪಿನ ಹತ್ತಿರಕ್ಕೆ ಬಂದುಬಿಟ್ಟಿದೆ. ಅದು ನೀವು ನಿಂತ ಹುಲ್ಲು. ಕಪ್ಪಾಗಿದ್ದಾಗ ಈ ಬಣ್ಣ ಕಣ್ಣಿಗೆ ಬೀಳಲ್ಲ. ಎತ್ತಿದ ಮೇಲೆ ಕಣ್ಣಿನ ಕೆಳಗೆ ಪೆಟ್ಟು ಬಿದ್ದ ಹಾಗೆ ನೀಲಿ, ಕುತ್ತಿಗೆಗೆ ಕಾಯಿಲೆ ಬಂದ ಹಾಗೆ ಹಸಿರು. ಆದ್ದರಿಂದ ಬೆಳಕು ಒಂದು ಕೆಲಸ, ಬಣ್ಣ ಇನ್ನೊಂದು ಕೆಲಸ. ಎರಡನ್ನೂ ಒಂದೇ ಲೇಯರಿನಲ್ಲಿ ಮಾಡಬೇಡಿ.

ಸಂಜೆ ಕೂತು ಹಂತ ಬರೆಯುತ್ತೇನೆ.

ಚಿತ್ರಗುಬ್ಬಿ
ನನ್ನದೂ ಇಂಥದ್ದೇ ಫೋಟೋ ಒಂದಿದೆ, ಆದರೆ ಅಜ್ಜ ಟೋಪಿ ಹಾಕಿದ್ದಾರೆ. ಮುಖದ ಮೇಲರ್ಧ ಪೂರ್ತಿ ನೆರಳು, ಕೆಳಗರ್ಧ ಬಿಸಿಲು. ಒಂದು ಸ್ಟುಡಿಯೋದಲ್ಲಿ ಕೊಟ್ಟೆ. ಅವರು ಮುಖವನ್ನೆಲ್ಲ ಒಂದೇ ಬೆಳಕಿಗೆ ತಂದು ಕೊಟ್ಟರು. ಎಲ್ಲ ನೆರಳೂ ಹೋಯಿತು, ಅಜ್ಜನೂ ಹೋದರು. ಮೂಗು ಚಪ್ಪಟೆ, ಕಣ್ಣಿನ ಗುಳಿಯೇ ಇಲ್ಲ. ಮನೆಯಲ್ಲಿ ಯಾರೂ ಅದನ್ನು ಒಪ್ಪಲಿಲ್ಲ. ಹಾಗಾಗಿ ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಹೇಳಿ.

ಹಳೇಲೆನ್ಸ್
ಚಿತ್ರಗುಬ್ಬಿ ಅವರ ಮಾತು ಬಹಳ ಮುಖ್ಯ, ಕೊನೆಗೆ ಅಲ್ಲಿಗೇ ಬರುತ್ತೇನೆ. ಈಗ ಹಂತ.

ಮೊದಲು Image > Precision ನಲ್ಲಿ 16-bit integer ಮಾಡಿ. ಇದರಿಂದ ಫೋಟೋದಲ್ಲಿ ಇಲ್ಲದ ವಿವರ ಹುಟ್ಟಲ್ಲ. ನೀವು ಮಾಡುವ ಒಂದೊಂದು ಬದಲಾವಣೆಗೂ ಹೊಸ ಪಟ್ಟೆಗಳು ಸೇರುವುದು ತಪ್ಪುತ್ತದೆ, ಅಷ್ಟೇ.

ಮೂಲ ಲೇಯರಿನ ನಕಲು ಮಾಡಿ. ಹೊಸ ಲೇಯರ್ ಗ್ರೂಪ್ ಮಾಡಿ ನಕಲನ್ನು ಅದರೊಳಗೆ ಹಾಕಿ. ನಕಲಿನ ಮೇಲೆ Layer > Mask > Add Layer Mask, ಅಲ್ಲಿ Grayscale copy of layer ಆರಿಸಿ, ಕೆಳಗಿನ Invert mask ಗೆ ಗುರುತು ಹಾಕಿ. ಈಗ ಫೋಟೋದಲ್ಲಿ ಎಲ್ಲಿ ಕಪ್ಪಿದೆಯೋ ಅಲ್ಲಿ ಮಾತ್ರ ಈ ಲೇಯರ್ ಕೆಲಸ ಮಾಡುತ್ತದೆ. ನೆರಳಿನ ಗೆರೆಯನ್ನು ಕೈಯಲ್ಲಿ ಬಿಡಿಸುವ ಕಷ್ಟ ಇಲ್ಲ.

ಆ ಮಾಸ್ಕನ್ನೇ ತೆರೆದು ನೋಡಿ, Show Layer Mask. ಬಿಸಿಲಿನ ಕೆನ್ನೆ ಇನ್ನೂ ಬೂದು ಬಣ್ಣದಲ್ಲಿರುತ್ತದೆ. Colors > Levels ನಲ್ಲಿ ಎಡಗಡೆಯ ತ್ರಿಕೋನವನ್ನು ಕೆನ್ನೆ ಪೂರ್ತಿ ಕಪ್ಪಾಗುವವರೆಗೆ ಎಳೆಯಿರಿ, ಬಲಗಡೆಯದ್ದನ್ನು ಕಣ್ಣಿನ ಗುಳಿ ಬಿಳಿಯಾಗುವವರೆಗೆ.

ಆಮೇಲೆ Show Layer Mask ಗುರುತು ತೆಗೆದು, ಲೇಯರಿನ ಚಿತ್ರದ ಮೇಲೆ ಕ್ಲಿಕ್ ಮಾಡಿ. ಇಲ್ಲಿ ಎಲ್ಲರೂ ತಪ್ಪುವುದು, ಮಾಸ್ಕೇ ಆರಿಸಿದ್ದರೆ ಕರ್ವ್ ಮಾಸ್ಕಿಗೆ ಬೀಳುತ್ತದೆ. Colors > Curves ನಲ್ಲಿ ನೆರಳಿನ ಭಾಗವನ್ನು ಎತ್ತಿ, ಗುಳಿಯ ಕೆಂಪು ಅಂಕಿ 120ರ ಹತ್ತಿರ ಬರುವಷ್ಟು. ಕೂದಲು, ಬಟ್ಟೆ ಎಲ್ಲ ಬೆಳ್ಳಗಾಗುತ್ತವೆ, ಗಾಬರಿ ಬೇಡ.

ಈಗ ಗ್ರೂಪಿಗೆ ಇನ್ನೊಂದು ಮಾಸ್ಕ್, ಪೂರ್ತಿ ಕಪ್ಪು. ಎಲ್ಲ ಮಾಯ. ಮೆತ್ತಗಿನ ಅಂಚಿನ ಬ್ರಷ್ ಹಿಡಿದು, ಒಪ್ಯಾಸಿಟಿ 15ಕ್ಕೆ ಇಟ್ಟು, ಬಿಳಿ ಬಣ್ಣದಲ್ಲಿ ಕಣ್ಣಿನ ಸುತ್ತ, ಮೂಗಿನ ಕೆಳಗೆ ನಿಧಾನಕ್ಕೆ ತೀಡುತ್ತಾ ಹೋಗಿ. ಎರಡು ಮಾಸ್ಕೂ ಒಪ್ಪಿದ ಜಾಗದಲ್ಲಿ ಮಾತ್ರ ಬೆಳಕು ಬರುತ್ತದೆ. ಬ್ರಷ್ ಸ್ವಲ್ಪ ಆಚೆ ಹೋದರೂ ಬಿಸಿಲಿನ ಚರ್ಮಕ್ಕೆ ಏನೂ ಆಗಲ್ಲ.

ಬಣ್ಣಕ್ಕೆ ಮೇಲೊಂದು ಖಾಲಿ ಲೇಯರ್, ಮೋಡ್ LCh Color. ಅದೇ ಮನುಷ್ಯನ ಕೆನ್ನೆಯ ಬಣ್ಣ ಹಿಡಿದು ನೆರಳಿನ ಜಾಗಕ್ಕೆ 20 ಒಪ್ಯಾಸಿಟಿಯಲ್ಲಿ ಹಚ್ಚಿ. ಒಬ್ಬರ ಬಣ್ಣ ಇನ್ನೊಬ್ಬರಿಗೆ ಬೇಡ, ಒಂದೇ ಮನೆಯವರಾದರೂ ಚರ್ಮದ ಬಣ್ಣ ಬೇರೆ ಬೇರೆ ಇರುತ್ತದೆ.

ಅಪ್ಪನ ಒಂದು ಮುಖ ಮಾತ್ರ ಮಾಡಿ ಬಂದು ಹೇಳಿ.

ಕಪ್ಪುಬಿಳುಪು
ಇಷ್ಟೆಲ್ಲ ಏಳು ಮುಖಕ್ಕೆ ಮಾಡಬೇಕಾ? ಲೇಯರಿನ ನಕಲನ್ನು Screen ಮೋಡಿಗೆ ಹಾಕಿ ಕಪ್ಪು ಮಾಸ್ಕಿನಲ್ಲಿ ತೀಡಿದರೆ ಸಾಕಲ್ವಾ? ಒಂದೇ ಮಾಸ್ಕ್.

ಹಳೇಲೆನ್ಸ್
ಮೋಡ ಕವಿದ ದಿನದ ಫೋಟೋ ಆಗಿದ್ದರೆ ನಿಮ್ಮ ದಾರಿಯೇ ಸಾಕು, ನಾನೂ ಅದನ್ನೇ ಮಾಡುತ್ತೇನೆ. ಇಲ್ಲಿ ನೆರಳಿನ ಅಂಚು ಬ್ಲೇಡಿನ ಹಾಗಿದೆ. ಸೂರ್ಯ ನಮಗೆ ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತಾನೆ. ಹಾಗಾಗಿ ಮೂಗಿನ ತುದಿಯಿಂದ ಎರಡು ಸೆಂಟಿಮೀಟರ್ ಕೆಳಗೆ ಬೀಳುವ ನೆರಳಿನ ಅಂಚು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಮಾತ್ರ ಮಸುಕಾಗಿರುತ್ತದೆ. ಮಳೆಹನಿ ಅವರ ಫೋಟೋದಲ್ಲಿ ಅದು ಅರ್ಧ ಪಿಕ್ಸೆಲ್. ಮೆತ್ತಗಿನ ಬ್ರಷ್ ಹತ್ತಾರು ಪಿಕ್ಸೆಲ್ ಹರಡುತ್ತದೆ. ಕೈಯಲ್ಲಿ ತೀಡಿದರೆ ಹೊರಗಿನ ಬಿಸಿಲಿನ ಚರ್ಮ ಸುಟ್ಟ ಹಾಗೆ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಒಳಗಡೆ ಒಂದು ಕಪ್ಪು ಗೆರೆ ಉಳಿಯುತ್ತದೆ. ಅದಕ್ಕೇ ಅಂಚನ್ನು ಫೋಟೋದ ಬೆಳಕಿನಿಂದಲೇ ತೆಗೆದುಕೊಂಡೆ.

ಮಳೆಹನಿ
ಮೂರು ಗಂಟೆ ಕೂತೆ. ಅಪ್ಪನ ಕಣ್ಣು ಕಾಣುತ್ತಿದೆ! ಅಮ್ಮನಿಗೆ ತೋರಿಸಿದೆ, ಅವರಿಗೆ ಬಹಳ ಖುಷಿಯಾಯಿತು. ಆದರೆ ಎರಡು ತೊಂದರೆ ಉಳಿದಿವೆ.

ಒಂದು, ಕಣ್ಣಿನ ಪಾಪೆ, ರೆಪ್ಪೆಕೂದಲು, ಹುಬ್ಬು ಎಲ್ಲ ಬೂದಿ ಬಣ್ಣ ಆಗಿವೆ. ನೋಡಿದರೆ ಕಣ್ಣಿಗೆ ಪೊರೆ ಬಂದ ಹಾಗಿದೆ.

ಎರಡು, ಮೂಗಿನ ನೆರಳು ತಿಳಿಯಾಯಿತು, ಆದರೆ ಅದರ ಸುತ್ತ ಪೆನ್ಸಿಲಿನಲ್ಲಿ ಬರೆದ ಹಾಗೆ ಒಂದು ಗೆರೆ ಇದೆ. ಸರಿಯಾಗಿ ನೋಡಿದರೆ ಎರಡು ಗೆರೆ, ಒಂದು ಕಪ್ಪು, ಪಕ್ಕದಲ್ಲೇ ಒಂದು ಬಿಳಿ.

ಹಳೇಲೆನ್ಸ್
ಮೊದಲನೆಯದು ನಾನು ಹೇಳಿದ ಮಾಸ್ಕಿನದೇ ದೋಷ, ಮೊದಲೇ ಎಚ್ಚರಿಸಬೇಕಿತ್ತು. ಯಾವುದು ಅತಿ ಕಪ್ಪೋ ಅದನ್ನೇ ಅದು ಎತ್ತುತ್ತದೆ. ಪಾಪೆ ಅತಿ ಕಪ್ಪು. ಗ್ರೂಪಿನ ಮಾಸ್ಕಿನಲ್ಲಿ ಚಿಕ್ಕ ಬ್ರಷ್ ಹಿಡಿದು ಕಪ್ಪು ಬಣ್ಣದಲ್ಲಿ ಪಾಪೆ, ರೆಪ್ಪೆಯ ಗೆರೆ, ಹುಬ್ಬುಗಳನ್ನು ವಾಪಸ್ ತನ್ನಿ. ಪಾಪೆಯ ಸುತ್ತಲಿನ ಕಂದು ಉಂಗುರವನ್ನು ಮಾತ್ರ ಅರ್ಧ ಬಿಡಿ. ಕಣ್ಣಿನ ಬಿಳಿ ಭಾಗವನ್ನು ಬೇರೆಯಾಗಿ ಬೆಳಗಿಸಲೇಬೇಡಿ. ಹುಬ್ಬಿನ ಕೆಳಗಿರುವ ಕಣ್ಣು ಹಲ್ಲಿಗಿಂತ ಬೆಳ್ಳಗಿದ್ದರೆ ನೋಡಿದವರಿಗೆ ಏನೋ ತಪ್ಪಾಗಿದೆ ಅನ್ನಿಸುತ್ತದೆ, ಏನು ಅಂತ ಹೇಳಲು ಬರಲ್ಲ.

ಎರಡನೆಯದು ಫೋನಿನ ಕೆಲಸ. ಫೋನು ಫೋಟೋ ಉಳಿಸುವಾಗಲೇ ಅಂಚುಗಳನ್ನು ಚೂಪು ಮಾಡುತ್ತದೆ. ಆಗ ಕಪ್ಪಿನ ಕಡೆ ಇನ್ನೂ ಕಪ್ಪು, ಬಿಳಿಯ ಕಡೆ ಇನ್ನೂ ಬಿಳಿ ಗೆರೆ ಬೀಳುತ್ತದೆ. ನಡುವಿನ ಅಂತರ ದೊಡ್ಡದಿದ್ದಾಗ ಅದು ಕಾಣಲ್ಲ. ಅಂತರ ಕಡಿಮೆ ಮಾಡಿದ ಕೂಡಲೇ ಎದ್ದು ನಿಲ್ಲುತ್ತದೆ.

ಮೊದಲು ಒಳಗಿನ ಮಾಸ್ಕಿಗೆ ಒಂದು ಪಿಕ್ಸೆಲ್ Gaussian Blur ಕೊಟ್ಟು ನೋಡಿ, ಸ್ವಲ್ಪ ತಗ್ಗಬಹುದು. ಜಾಸ್ತಿ ಕೊಟ್ಟರೆ ಗೆರೆ ದಪ್ಪವಾಗುತ್ತದೆ. ಉಳಿದದ್ದಕ್ಕೆ ಎಲ್ಲದರ ಮೇಲೆ ಎರಡು ಖಾಲಿ ಲೇಯರ್ ಹಾಕಿ, ಕ್ಲೋನ್ ಟೂಲ್, Sample merged ಗುರುತು ಹಾಕಿ, ಒಪ್ಯಾಸಿಟಿ 20. ಟೂಲಿನ ಮೋಡ್ Normal ಇರಲಿ, ಮೋಡ್ ಬದಲಿಸಬೇಕಾದ್ದು ಲೇಯರಿಗೆ. ಕಪ್ಪು ಗೆರೆಗೆ ಒಂದು ಲೇಯರಿನ ಮೋಡ್ Lighten only, ಪಕ್ಕದ ಚರ್ಮದಿಂದ ತೆಗೆದು ಗೆರೆಯ ಮೇಲೆ ಎರಡು ಮೂರು ಸಲ ಎಳೆಯಿರಿ. ಬಿಳಿ ಗೆರೆಗೆ ಇನ್ನೊಂದು ಲೇಯರ್, ಅದರ ಮೋಡ್ Darken only. ಬ್ರಷ್ ಐದಾರು ಪಿಕ್ಸೆಲ್ ಸಾಕು. ಮೋಡ್ ಹೀಗೆ ಇಟ್ಟರೆ ಗೆರೆ ಮಾತ್ರ ಹೋಗುತ್ತದೆ, ಅದರ ಸುತ್ತಲಿನ ಚರ್ಮದ ರಂಧ್ರ, ಮೀಸೆಯ ಚುಕ್ಕೆ ಉಳಿಯುತ್ತವೆ.

ಚಿತ್ರಗುಬ್ಬಿ
ಎಲ್ಲಿ ನಿಲ್ಲಿಸಬೇಕು ಅಂದಿರಲ್ಲ?

ಹಳೇಲೆನ್ಸ್
ಹೌದು. ಮೂರು ಜಾಗಕ್ಕೂ ಒಂದೇ ಲೆಕ್ಕ ಬೇಡ. ಕಣ್ಣಿಗೆ ಜಾಸ್ತಿ, ಮೂಗಿನ ಕೆಳಗೆ ಅದಕ್ಕಿಂತ ಕಡಿಮೆ, ಗದ್ದದ ಕೆಳಗೆ ಎಲ್ಲಕ್ಕಿಂತ ಕಡಿಮೆ. ಜನ ಮೊದಲು ನೋಡುವುದು ಕಣ್ಣು. ಗದ್ದದ ನೆರಳು ಮುಖವನ್ನು ಕುತ್ತಿಗೆಯಿಂದ ಬೇರೆ ಮಾಡುತ್ತದೆ, ಅದು ಹೋದರೆ ದವಡೆಯ ಗೆರೆ ಹೋಗಿ ಮುಖ ಊದಿಕೊಂಡ ಹಾಗೆ ಕಾಣುತ್ತದೆ. ನಿಮ್ಮ ಅಜ್ಜನ ಫೋಟೋದಲ್ಲಿ ಆದದ್ದೂ ಇದೇ ಜಾತಿಯ ತಪ್ಪು. ನೆಲದ ಮೇಲೆ ಗಟ್ಟಿ ನೆರಳು ಇದೆ, ಹೆಗಲ ಮೇಲೆ ಬಿಸಿಲು ಇದೆ, ಮುಖದಲ್ಲಿ ಮಾತ್ರ ನೆರಳೇ ಇಲ್ಲ ಅಂದರೆ ಬೇರೆ ಕಡೆಯ ತಲೆ ಅಂಟಿಸಿದ ಹಾಗಿರುತ್ತದೆ. ಟೋಪಿಯ ನೆರಳನ್ನು ಅರ್ಧಕ್ಕೆ ತಿಳಿ ಮಾಡಿ, ಅಂಚು ಇರಲಿ ಬಿಡಿ. ಟೋಪಿ ಕಾಣುತ್ತಿರುವಾಗ ಅದರ ನೆರಳೂ ಇರಬೇಕು.

ದಾರಿಹೋಕ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮದುವೆ ಫೋಟೋ ತೆಗೆದು ಕೊಟ್ಟ ಅನುಭವದಲ್ಲಿ ಹೇಳುತ್ತೇನೆ, ಮನೆಯವರು ಕುತ್ತಿಗೆಯ ಕಪ್ಪನ್ನೂ ತೆಗೆಯಿರಿ ಅಂತ ಕೇಳಿಯೇ ಕೇಳುತ್ತಾರೆ. ಪ್ರಿಂಟಿನಲ್ಲಿ ಕಪ್ಪು ಇನ್ನೂ ಕಪ್ಪಾಗಿ ಬರುತ್ತದೆ. ಸ್ಕ್ರೀನಿನಲ್ಲಿ ಸರಿ ಕಂಡ ಗದ್ದದ ನೆರಳು ಗೋಡೆಯ ಮೇಲೆ ತೂತಿನ ಹಾಗೆ ಕಾಣುತ್ತದೆ. ಪ್ರಿಂಟಿಗಾದರೆ ಗದ್ದಕ್ಕೂ ಕಣ್ಣಿನಷ್ಟೇ ಎತ್ತಬೇಕು.

ಹಳೇಲೆನ್ಸ್
ಪ್ರಿಂಟ್ ಕಪ್ಪಾಗುತ್ತದೆ ಅನ್ನುವುದು ನಿಜ. ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಇಟ್ಟು ಕೆಲಸ ಮಾಡಿದ್ದರೆ ಇನ್ನೂ ಮೋಸ ಆಗುತ್ತದೆ. ಆದರೆ ಅದಕ್ಕೆ ಫೋಟೋವನ್ನೆಲ್ಲ ಸ್ವಲ್ಪ ಬೆಳಗಿಸಬೇಕು, ಗದ್ದವನ್ನು ಮಾತ್ರ ಅಲ್ಲ. ಕಣ್ಣಿನಷ್ಟೇ ಎತ್ತಿದರೆ ದವಡೆ ಉಳಿಯಲ್ಲ ಅಂತಲೇ ನನ್ನ ಮಾತು.

ಮಳೆಹನಿ
ಎರಡೂ ಮಾಡಿ ನೋಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಚಿಕ್ಕ ಮಕ್ಕಳಿಬ್ಬರೂ ಕ್ಯಾಮೆರಾ ಕಡೆ ಮುಖ ಎತ್ತಿ ನೋಡುತ್ತಿದ್ದಾರೆ, ಅವರ ಕಣ್ಣಲ್ಲಿ ನೆರಳು ಕಡಿಮೆ. ಅವರಿಗೂ ಅಪ್ಪನಷ್ಟೇ ಮಾಡಿದರೆ ಮುಖ ಹೊಳೆಯುತ್ತದೆ. ಮಾಡದೆ ಬಿಡಬಹುದಾ?

ಹಳೇಲೆನ್ಸ್
ಬಿಡಿ. ಅಥವಾ ಬ್ರಷ್ ಒಂದೇ ಸಲ ಆಡಿಸಿ. ಏಳು ಜನಕ್ಕೂ ಒಂದೇ ಅಂಕಿ ಬರಬೇಕು ಅಂತ ಇಲ್ಲ, ಒಂದೇ ಬಿಸಿಲಲ್ಲಿ ನಿಂತ ಹಾಗೆ ಕಂಡರೆ ಸಾಕು. ಎರಡು ಮುಖ ಮುಗಿದ ಮೇಲೆ ಒಮ್ಮೆ ಪೂರ್ತಿ ಫೋಟೋ ಸ್ಕ್ರೀನಿಗೆ ಹಿಡಿಸಿ ನೋಡಿ, ಆಮೇಲೆ Image > Transform > Flip Horizontally ಮಾಡಿ ನೋಡಿ. ತಿರುಗಿಸಿದಾಗ ಯಾರ ಮುಖ ಜಾಸ್ತಿ ಬೆಳಗಿದೆಯೋ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ನೋಡಿ ಮುಗಿದ ಮೇಲೆ ವಾಪಸ್ ತಿರುಗಿಸುವುದು ಮರೆಯಬೇಡಿ.

ಚಿತ್ರಗುಬ್ಬಿ
ಕನ್ನಡಕದ ನೆರಳಿಗೆ ಏನು ಮಾಡುವುದು? ಫ್ರೇಮಿನ ನೆರಳು ಕೆನ್ನೆಯ ಮೇಲೆ ಬಿದ್ದಿದೆ, ಗಾಜಿನ ಒಳಗಡೆ ಕಣ್ಣಿನ ಗುಳಿ ಬೇರೆ ಕಪ್ಪು.

ಹಳೇಲೆನ್ಸ್
ಫ್ರೇಮಿನ ನೆರಳು ತೆಳ್ಳಗಿರುತ್ತದೆ, ಅದಕ್ಕೆ ಮೇಲೆ ಹೇಳಿದ Lighten only ಕ್ಲೋನ್ ಸಾಕು. ಗಾಜಿನ ಒಳಗಿನದು ಕಷ್ಟ. ಫ್ರೇಮೂ ಕಪ್ಪು, ನೆರಳೂ ಕಪ್ಪು, ಮಾಸ್ಕಿಗೆ ವ್ಯತ್ಯಾಸ ಗೊತ್ತಾಗಲ್ಲ. ನಾನು ಫ್ರೇಮನ್ನು ಪಾತ್ ಟೂಲಿನಲ್ಲಿ ಕತ್ತರಿಸಿ ಬೇರೆ ಮಾಡುತ್ತೇನೆ, ಬಹಳ ಹೊತ್ತು ಹಿಡಿಯುತ್ತದೆ. ಬೇರೆ ಯಾರಾದರೂ ಸುಲಭದ ದಾರಿ ಕಂಡುಕೊಂಡಿದ್ದರೆ ಬರೆಯಿರಿ, ನನಗೂ ಬೇಕು.

ಮಳೆಹನಿ
ಐದು ದಿನ ಆಯಿತು, ಆರು ಮುಖ ಮುಗಿದಿದೆ. ಗೆರೆ ಹೋಯಿತು, ಪಾಪೆ ಕಪ್ಪಾಗಿದೆ. ಅಮ್ಮನ ಕುತ್ತಿಗೆಯ ಹಸಿರು LCh Color ನಲ್ಲಿ ಹೋಯಿತು, ಆದರೆ ಎರಡು ಸಲ ಹಚ್ಚಬೇಕಾಯಿತು. ಕಪ್ಪುಬಿಳುಪು ಅವರು ಹೇಳಿದ ಹಾಗೆ ಹಣೆಯ ಬಿಳುಪು ಸ್ವಲ್ಪ ಇಳಿಸಿದೆ. ಅಣ್ಣನ ಹಣೆಯ ಒಂದು ಜಾಗದಲ್ಲಿ ಅಂಕಿ 255 ಆಗಿತ್ತು, ಅಲ್ಲಿ ಇಳಿಸಿದರೆ ಬೂದು ತೇಪೆ ಬಂತು, ಹಾಗಾಗಿ ಅದನ್ನು ಹಾಗೇ ಬಿಟ್ಟೆ.

ಹಳೇಲೆನ್ಸ್
255 ಆದ ಕಡೆ ಫೋಟೋದಲ್ಲಿ ಚರ್ಮವೇ ಉಳಿದಿಲ್ಲ, ಬಿಟ್ಟದ್ದು ಸರಿ. ಬೆವರಿನ ಹೊಳಪು ಅಂತ ನೋಡುವವರು ಅಂದುಕೊಳ್ಳುತ್ತಾರೆ.

ದೊಡ್ಡ ಪ್ರಿಂಟಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. 18 ಇಂಚಿಗೆ 4000 ಪಿಕ್ಸೆಲ್ ಅಂದರೆ ಇಂಚಿಗೆ ಸುಮಾರು 222. ಅಪ್ಪ ಅಮ್ಮನ ಮುಖ ಬರುವ ಹಾಗೆ 1332 x 888 ಪಿಕ್ಸೆಲಿನ ತುಂಡು ಕತ್ತರಿಸಿ ಅದನ್ನು 4 x 6 ಇಂಚಿಗೆ ಪ್ರಿಂಟ್ ಹಾಕಿಸಿ. ಗೋಡೆಯ ಮೇಲೆ ಮುಖ ಎಷ್ಟು ದೊಡ್ಡದಿರುತ್ತದೋ ಅಷ್ಟೇ ಬರುತ್ತದೆ. ಎರಡು ತುಂಡು ಹಾಕಿಸಿ, ಒಂದು ನಾನು ಹೇಳಿದ ಗದ್ದ, ಇನ್ನೊಂದು ದಾರಿಹೋಕ ಹೇಳಿದ ಗದ್ದ. ಎರಡನ್ನೂ ಒಂದೇ ಅಂಗಡಿ, ಒಂದೇ ಕಾಗದ. ಆಮೇಲೆ ಫೋಟೋ ಹಾಕುವ ಗೋಡೆಯ ಬೆಳಕಲ್ಲೇ ಹಿಡಿದು ನೋಡಿ. ಇನ್ನೊಂದು, 12 x 18ಕ್ಕೆ ನಿಮ್ಮ ಫೋಟೋದ ಎತ್ತರದಲ್ಲಿ 333 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ತಲೆಯ ಮೇಲೆ ಜಾಗ ಇದೆಯಾ ನೋಡಿಕೊಳ್ಳಿ.

ಮಳೆಹನಿ
ತಲೆಯ ಮೇಲೆ ಜಾಗ ಇದೆ, ಕಾಲಿನ ಕಡೆ ಸ್ವಲ್ಪ ಹುಲ್ಲು ಹೋಗುತ್ತದೆ, ಪರವಾಗಿಲ್ಲ.

ಇವತ್ತು ಎರಡೂ ತುಂಡು ಬಂದವು. ಗೋಡೆಗೆ ಹಿಡಿದು ಮನೆಯವರಿಗೆಲ್ಲ ತೋರಿಸಿದೆ, ಯಾವುದು ಯಾವುದು ಅಂತ ಹೇಳಲಿಲ್ಲ. ಅಪ್ಪನಿಗೆ ಕಡಿಮೆ ಎತ್ತಿದ್ದೇ ಇಷ್ಟವಾಯಿತು, ದವಡೆ ಗಟ್ಟಿಯಾಗಿ ಕಾಣುತ್ತದೆ ಅಂದರು. ಅಮ್ಮ ಮಾತ್ರ ತಮ್ಮ ಮುಖಕ್ಕೆ ಜಾಸ್ತಿ ಎತ್ತಿದ್ದನ್ನು ಆರಿಸಿದರು, ಕುತ್ತಿಗೆಯ ಸರ ಅದರಲ್ಲಿ ಕಾಣುತ್ತದೆ. ಹಾಗಾಗಿ ಅಮ್ಮನ ಗದ್ದಕ್ಕೆ ಮಾತ್ರ ಇನ್ನೂ ಎರಡು ಸಲ ಬ್ರಷ್ ಆಡಿಸುತ್ತಿದ್ದೇನೆ. ಅತ್ತಿಗೆ ಕನ್ನಡಕ ಹಾಕಿದ್ದಾರೆ, ಉಳಿದಿರುವ ಏಳನೇ ಮುಖ ಅದೇ. ಪಾತ್ ಟೂಲ್ ಇವತ್ತು ರಾತ್ರಿ ಶುರು ಮಾಡುತ್ತೇನೆ.